ಐಇಎಲ್‌ಟಿಎಸ್ ಸ್ಪೀಕಿಂಗ್ ಮೂರನೇ ಭಾಗ: ಹೋಲಿಸಿ, ಕಾರಣ ಕೊಟ್ಟು, ಊಹಿಸಿ ಉತ್ತರಿಸುವುದು ಹೇಗೆ

ಐಇಎಲ್‌ಟಿಎಸ್ ಸ್ಪೀಕಿಂಗ್ ಪರೀಕ್ಷೆ ಒಟ್ಟು 11ರಿಂದ 14 ನಿಮಿಷದ್ದು. ಅಕಾಡೆಮಿಕ್ ಬರೆಯುವವರಿಗೂ ಜನರಲ್ ಬರೆಯುವವರಿಗೂ ಇದು ಒಂದೇ. ಮೊದಲ ಭಾಗದಲ್ಲಿ ನಿಮ್ಮ ಊರು, ಕೆಲಸ, ಹವ್ಯಾಸದ ಬಗ್ಗೆ ಸಣ್ಣ ಸಣ್ಣ ಪ್ರಶ್ನೆಗಳು. ಎರಡನೆಯದರಲ್ಲಿ ಕೈಗೊಂದು ಕಾರ್ಡ್ ಕೊಟ್ಟು, ಒಂದು ನಿಮಿಷ ಯೋಚಿಸಲು ಬಿಟ್ಟು, ಒಂದೆರಡು ನಿಮಿಷ ನಿಮ್ಮನ್ನೇ ಮಾತಾಡಿಸುತ್ತಾರೆ. ಇಲ್ಲಿಯವರೆಗೆ ಹೆಚ್ಚಿನವರು ಹೇಗೋ ದಾಟಿಬಿಡುತ್ತಾರೆ. ಕೊನೆಯ ನಾಲ್ಕೈದು ನಿಮಿಷದಲ್ಲಿ ಮಾತಿನ ದಾರಿಯೇ ಬದಲಾಗುತ್ತದೆ, ಮತ್ತು ಅದು ಬದಲಾಗಿದೆ ಎಂಬುದು ಅನೇಕರಿಗೆ ಗೊತ್ತೇ ಆಗುವುದಿಲ್ಲ.

ನಿಮ್ಮ ಕಾರ್ಡಿನಲ್ಲಿ ‘ನೀವು ಆಗಾಗ ಹೋಗುವ ಒಂದು ಅಂಗಡಿಯನ್ನು ವರ್ಣಿಸಿ’ ಎಂದಿತ್ತು ಅಂದುಕೊಳ್ಳಿ. ಮನೆ ಹತ್ತಿರದ ದಿನಸಿ ಅಂಗಡಿಯ ಬಗ್ಗೆ ಚೆನ್ನಾಗಿಯೇ ಮಾತಾಡಿದಿರಿ. ಆಮೇಲೆ ಪರೀಕ್ಷಕರು, ಇದೇ ವಿಷಯಕ್ಕೆ ಸಂಬಂಧಪಟ್ಟ ಇನ್ನೂ ಕೆಲವು ಸಾಮಾನ್ಯ ಪ್ರಶ್ನೆಗಳನ್ನು ಚರ್ಚಿಸೋಣ ಎಂದು ಹೇಳಿ ಕೇಳುತ್ತಾರೆ: ಇಪ್ಪತ್ತು ವರ್ಷದ ಹಿಂದೆ ಜನ ಸಾಮಾನು ಕೊಳ್ಳುತ್ತಿದ್ದ ರೀತಿಗೂ ಈಗಿನ ರೀತಿಗೂ ಏನು ವ್ಯತ್ಯಾಸ? ಅಭ್ಯರ್ಥಿ ಶುರು ಮಾಡುತ್ತಾರೆ: ‘ಇನ್ ಮೈ ಚೈಲ್ಡ್‌ಹುಡ್ ಐ ವಾಸ್ ಗೋಯಿಂಗ್ ಟು ದ ಮಾರ್ಕೆಟ್ ವಿತ್ ಮೈ ಫಾದರ್…’ ಅಪ್ಪನ ಜೊತೆ ಸಂತೆಗೆ ಹೋಗಿದ್ದು, ಅಲ್ಲಿ ತಿಂದ ಮಂಡಕ್ಕಿ, ಎಲ್ಲ ಬರುತ್ತದೆ. ಕತೆ ಸೊಗಸಾಗಿದೆ, ಆದರೆ ಅದು ಎರಡನೇ ಭಾಗದ ಮಾತು. ಪರೀಕ್ಷಕರು ಕೇಳಿದ್ದು ಜನರ ಬಗ್ಗೆ, ಉತ್ತರ ಬಂದಿದ್ದು ಅಪ್ಪನ ಬಗ್ಗೆ.

ಅಂಕ ಕೊಡುವುದು ನಾಲ್ಕು ಬಾಬತ್ತಿಗೆ: ಮಾತಿನ ಓಟ ಮತ್ತು ಹೊಂದಿಕೆ, ಪದಸಂಪತ್ತು, ವ್ಯಾಕರಣ, ಉಚ್ಚಾರಣೆ. ನಾಲ್ಕಕ್ಕೂ ಸಮಪಾಲು. ನಿಮ್ಮ ಅಭಿಪ್ರಾಯ ಸರಿಯೋ ತಪ್ಪೋ ಎನ್ನುವುದಕ್ಕೆ ಅಂಕವೇ ಇಲ್ಲ. ಹಾಗಾದರೆ ಹೋಲಿಕೆ, ಕಾರಣ, ಊಹೆ ಯಾಕೆ ಬೇಕು? ಈ ಮೂರು ಕೆಲಸ ಮಾಡಲು ಹೊರಟರೆ ಮಾತ್ರ ನಿಮ್ಮ ಬಾಯಿಂದ ದೊಡ್ಡ ವಾಕ್ಯಗಳು ಬರುತ್ತವೆ. ‘ಐ ಗೋ, ಐ ಬೈ, ಐ ಲೈಕ್’ ಎಂಬ ಮಾದರಿಯಲ್ಲೇ ಐದು ನಿಮಿಷ ಕಳೆದರೆ, ಒಂದೂ ತಪ್ಪಿಲ್ಲದಿದ್ದರೂ ವ್ಯಾಕರಣದ ಅಂಕ ಮೇಲೇರಲು ಆಧಾರವೇ ಇರುವುದಿಲ್ಲ. ಬ್ಯಾಂಡ್ 6ರ ಮಾತುಗಾರ ಉದ್ದಕ್ಕೆ ಮಾತಾಡಲು ಸಿದ್ಧನಿರುತ್ತಾನೆ, ಆದರೆ ಅಲ್ಲಲ್ಲಿ ತಡವರಿಸಿ ಎಳೆ ತಪ್ಪುತ್ತಾನೆ. ಬ್ಯಾಂಡ್ 7ರವನು ಹೆಚ್ಚು ತಿಣುಕದೆ, ಎಳೆ ಬಿಡದೆ ಮುಂದುವರಿಯುತ್ತಾನೆ. ಆ ಎಳೆ ಹಿಡಿದುಕೊಳ್ಳುವ ಬಗೆಯೇ ಈ ಬರಹದ ವಿಷಯ. ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಕಣ್ಣಲ್ಲಿ ಓದಿ ಬಿಡಬೇಡಿ, ಬಾಯಿಬಿಟ್ಟು ಹೇಳಿ. ಪರೀಕ್ಷೆ ಇರುವುದು ಬಾಯಿಗೆ.

ಮೊದಲ ಹೆಜ್ಜೆ: ಪ್ರಶ್ನೆ ಏನು ಕೆಲಸ ಹೇಳುತ್ತಿದೆ?

ಪ್ರಶ್ನೆ ಕಿವಿಗೆ ಬಿದ್ದ ಕೂಡಲೇ ವಿಷಯ ಹುಡುಕಲು ಹೋಗಬೇಡಿ, ಕ್ರಿಯೆ ಹುಡುಕಿ. ‘ಡಿಫರೆಂಟ್’, ‘ಚೇಂಜ್ಡ್’, ‘ಪ್ರಿಫರ್’, ‘ಬೆಟರ್’ ಎಂಬ ಪದಗಳು ಕೇಳಿದರೆ ಅದು ಹೋಲಿಕೆ. ‘ವೈ’, ‘ರೀಸನ್ಸ್’, ‘ವಾಟ್ ಮೇಕ್ಸ್ ಪೀಪಲ್’ ಎಂದರೆ ಕಾರಣ. ‘ವಿಲ್’, ‘ಇನ್ ದ ಫ್ಯೂಚರ್’, ‘ವಾಟ್ ವುಡ್ ಹ್ಯಾಪನ್ ಇಫ್’ ಎಂದರೆ ಊಹೆ. ‘ಡು ಯು ಥಿಂಕ್’ ಎಂದು ಶುರುವಾದರೆ ಮುಂದಿನ ಪದಕ್ಕೆ ಕಿವಿಗೊಡಿ, ಏಕೆಂದರೆ ಆ ಮೂರು ಪದ ಯಾವುದರ ಹಿಂದೆಯೂ ಬರಬಹುದು.

ಎಷ್ಟೋ ಪ್ರಶ್ನೆಗಳಲ್ಲಿ ಎರಡು ಕೆಲಸ ಒಟ್ಟಿಗೆ ಇರುತ್ತವೆ. ‘ಕೆಲವರು ದೊಡ್ಡ ಮಾಲ್‌ಗಿಂತ ಸಣ್ಣ ಅಂಗಡಿಯನ್ನೇ ಯಾಕೆ ಇಷ್ಟಪಡುತ್ತಾರೆ?’ ಎಂಬುದರಲ್ಲಿ ಕಾರಣವೂ ಇದೆ, ಹೋಲಿಕೆಯೂ ಇದೆ. ಇಂಥ ಕಡೆ ಮಾಲನ್ನು ಮರೆತು ಸಣ್ಣ ಅಂಗಡಿಯ ಗುಣಗಾನವಷ್ಟೇ ಮಾಡಿದರೆ ಅರ್ಧ ಉತ್ತರವಾಗುತ್ತದೆ. ಪರೀಕ್ಷಕರು ‘ಮತ್ತೆ ಮಾಲ್?’ ಎಂದು ಎಳೆಯಬೇಕಾಗುತ್ತದೆ.

ಇನ್ನೊಂದು ವಿಷಯ. ಮೊದಲ ಭಾಗದಲ್ಲಿ ಪರೀಕ್ಷಕರು ಬರೆದಿಟ್ಟ ಪ್ರಶ್ನೆಗೆ ಅಂಟಿಕೊಂಡಿರುತ್ತಾರೆ. ಮೂರನೇ ಭಾಗದಲ್ಲಿ ಅವರಿಗೆ ಸ್ವಾತಂತ್ರ್ಯ ಹೆಚ್ಚು. ನಿಮ್ಮ ಉತ್ತರದ ಮೇಲೆಯೇ ಮುಂದಿನ ಪ್ರಶ್ನೆ ಕೇಳಬಹುದು, ಅರ್ಥವಾಗದಿದ್ದರೆ ಬೇರೆ ಮಾತಿನಲ್ಲಿ ಹೇಳಬಹುದು. ಸರಾಗವಾಗಿ ಉತ್ತರಿಸಿದಷ್ಟೂ ಪ್ರಶ್ನೆ ಕಠಿಣವಾಗುತ್ತ ಹೋಗುತ್ತದೆ. ಹಾಗಾಗಿ ಕೊನೆಯ ಪ್ರಶ್ನೆಗೆ ಒದ್ದಾಡಿದರೆ ಪರೀಕ್ಷೆ ಕೆಟ್ಟಿತು ಎಂದಲ್ಲ. ನಿಮ್ಮ ಮಿತಿ ಎಲ್ಲಿದೆ ಎಂದು ನೋಡುವುದೇ ಅವರ ಕೆಲಸ.

ಹೋಲಿಕೆ: ಒಂದು ಅಳತೆಗೋಲು, ಎರಡು ಬದಿ

ಹೋಲಿಕೆಯ ಪ್ರಶ್ನೆಗೆ ಸಾಮಾನ್ಯವಾಗಿ ಬರುವ ಉತ್ತರ ಹೀಗಿರುತ್ತದೆ: ‘ಇನ್ ಓಲ್ಡನ್ ಡೇಸ್ ಪೀಪಲ್ ವರ್ ಗೋಯಿಂಗ್ ಟು ಶಾಪ್ಸ್. ನೌ ಪೀಪಲ್ ಆರ್ ಬೈಯಿಂಗ್ ಆನ್‌ಲೈನ್. ನೌ ಇಟ್ ಈಸ್ ವೆರಿ ಈಸಿ.’ ಇಲ್ಲಿ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟಿದ್ದಾರೆ, ಹೋಲಿಸಿಲ್ಲ. ಹೋಲಿಸಬೇಕಾದರೆ ಎರಡನ್ನೂ ಒಂದೇ ಅಳತೆಗೋಲಿನಿಂದ ಅಳೆಯಬೇಕು. ಬೆಲೆಯೋ, ಸಮಯವೋ, ಆಯ್ಕೆಯೋ, ಮಾರುವವನ ಜೊತೆಗಿನ ಸಂಬಂಧವೋ, ಯಾವುದೋ ಒಂದನ್ನು ಆರಿಸಿ ಮೊದಲ ವಾಕ್ಯದಲ್ಲೇ ಹೇಳಿಬಿಡಿ. ಆಮೇಲೆ ಎರಡೂ ಬದಿಯನ್ನು ಒಂದೇ ವಾಕ್ಯದೊಳಗೆ ತನ್ನಿ.

ನಾನು ಇಲ್ಲಿ ‘ಸಂಬಂಧ’ವನ್ನು ಆರಿಸುತ್ತೇನೆ. ‘ಸಮಯ’ವನ್ನು ಎಲ್ಲರೂ ಹೇಳುತ್ತಾರೆ, ಮತ್ತು ಅದರ ಬಗ್ಗೆ ಎರಡನೇ ವಾಕ್ಯ ಹುಟ್ಟುವುದು ಕಷ್ಟ. ಸಂಬಂಧ ಎಂದ ತಕ್ಷಣ ಅಂಗಡಿಯವನು ಹೆಸರು ಹಿಡಿದು ಕರೆಯುವುದು, ಉದ್ರಿ ಪುಸ್ತಕ, ಮನೆಯವರ ಆರೋಗ್ಯ ವಿಚಾರಿಸುವುದು, ಎಲ್ಲ ಕಣ್ಣಮುಂದೆ ಬರುತ್ತದೆ. ಉತ್ತರ ಹೀಗಾಗಬಹುದು:

‘ದ ಬಿಗೆಸ್ಟ್ ಡಿಫರೆನ್ಸ್, ಐಡ್ ಸೇ, ಈಸ್ ದ ರಿಲೇಶನ್‌ಶಿಪ್. ಟ್ವೆಂಟಿ ಇಯರ್ಸ್ ಅಗೋ ಪೀಪಲ್ ಯೂಸ್ಡ್ ಟು ನೋ ದ ಶಾಪ್‌ಕೀಪರ್ ಬೈ ನೇಮ್, ಅಂಡ್ ಹಿ ವುಡ್ ಈವನ್ ಗಿವ್ ದೆಮ್ ಥಿಂಗ್ಸ್ ಆನ್ ಕ್ರೆಡಿಟ್, ವೆರ್‌ಆ್ಯಸ್ ನೌ ಮೋಸ್ಟ್ ಆಫ್ ಅಸ್ ಜಸ್ಟ್ ಟ್ಯಾಪ್ ಆನ್ ಅ ಫೋನ್ ಅಂಡ್ ನೆವರ್ ಮೀಟ್ ದ ಸೆಲ್ಲರ್. ಇಟ್ಸ್ ಫಾರ್ ಕ್ವಿಕರ್, ಆಫ್ ಕೋರ್ಸ್, ಬಟ್ ಇಟ್ಸ್ ನಾಟ್ ಆ್ಯಸ್ ಪರ್ಸನಲ್ ಆ್ಯಸ್ ಇಟ್ ಯೂಸ್ಡ್ ಟು ಬಿ.’

ಮೂರೇ ವಾಕ್ಯ. ಮೊದಲನೆಯದು ಅಳತೆಗೋಲನ್ನು ಹೇಳುತ್ತದೆ. ಎರಡನೆಯದು ಹಿಂದಿನದನ್ನೂ ಈಗಿನದನ್ನೂ ‘ವೆರ್‌ಆ್ಯಸ್’ ಎಂಬ ಒಂದು ಕೊಂಡಿಯಲ್ಲಿ ಕಟ್ಟುತ್ತದೆ. ಮೂರನೆಯದು ಒಂದು ಬದಿಗೆ ಮೆಚ್ಚುಗೆ ಕೊಟ್ಟು ಇನ್ನೊಂದನ್ನು ತೂಗುತ್ತದೆ. ಇಪ್ಪತ್ತೈದು ಸೆಕೆಂಡಿನಲ್ಲಿ ಮುಗಿಯುತ್ತದೆ, ಆದರೂ ಪರೀಕ್ಷಕರಿಗೆ ಹಿಡಿದುಕೊಳ್ಳಲು ಬೇಕಾದಷ್ಟು ಸಿಕ್ಕಿರುತ್ತದೆ.

ಕನ್ನಡದವರು ಹೋಲಿಕೆಯಲ್ಲಿ ಎಡವುವ ಜಾಗ ಎರಡಿವೆ. ನಾವು ‘ಇದಕ್ಕಿಂತ ಅದು ದೊಡ್ಡದು’ ಎನ್ನುತ್ತೇವೆ. ‘ಗಿಂತ’ ಒಂದೇ ಎಲ್ಲ ಕೆಲಸ ಮಾಡುತ್ತದೆ, ‘ದೊಡ್ಡದು’ ಇದ್ದ ಹಾಗೇ ಇರುತ್ತದೆ. ಅದೇ ರೂಢಿಯಲ್ಲಿ ಇಂಗ್ಲಿಷಿನಲ್ಲಿ ‘ಮಾಲ್ಸ್ ಆರ್ ಬಿಗ್ ದ್ಯಾನ್ ಶಾಪ್ಸ್’ ಎಂದುಬಿಡುತ್ತೇವೆ. ಇದನ್ನು ಶಾಲೆಯಲ್ಲಿ ಯಾರೋ ತಿದ್ದಿರುತ್ತಾರೆ, ಆಮೇಲೆ ಹೆದರಿಕೆಯಿಂದ ‘ಮೋರ್ ಬಿಗ್ಗರ್’, ‘ಮೋರ್ ಬೆಟರ್’ ಎಂದು ಎರಡೆರಡು ಸಲ ಹಾಕುತ್ತೇವೆ. ‘ಬಿಗ್ಗರ್’ ಸಾಕು. ಇನ್ನೂ ಒತ್ತು ಬೇಕಿದ್ದರೆ ‘ಮಚ್ ಬಿಗ್ಗರ್’ ಅಥವಾ ‘ಫಾರ್ ಬಿಗ್ಗರ್’ ಅನ್ನಿ. ‘ಮೋರ್’ ಬರುವುದು ‘ಕನ್ವೀನಿಯೆಂಟ್’, ‘ಎಕ್ಸ್‌ಪೆನ್ಸಿವ್’ನಂಥ ಉದ್ದನೆಯ ಪದಗಳಿಗೆ.

ಎರಡನೆಯದು ಹಳೆಯ ರೂಢಿಯ ಮಾತು. ‘ಹೋಗುತ್ತಿದ್ದರು’ ಎನ್ನುವುದನ್ನು ನಾವು ‘ವರ್ ಗೋಯಿಂಗ್’ ಎಂದು ತರುತ್ತೇವೆ. ಆದರೆ ಇಂಗ್ಲಿಷಿನಲ್ಲಿ ‘ವರ್ ಗೋಯಿಂಗ್’ ಎಂದರೆ ಆ ಹೊತ್ತಿಗೆ ದಾರಿಯಲ್ಲಿದ್ದರು ಎಂದು. ರೂಢಿ ಹೇಳಲು ‘ಯೂಸ್ಡ್ ಟು ಗೋ’ ಬೇಕು. ಮತ್ತೆ ಮತ್ತೆ ನಡೆಯುತ್ತಿದ್ದ ಕೆಲಸವಾದರೆ ‘ವುಡ್ ಗೋ’ ಕೂಡ ಆಗುತ್ತದೆ. ಮೇಲಿನ ಮಾದರಿಯಲ್ಲಿ ಅಂಗಡಿಯವನು ಸಾಲ ಕೊಡುವುದಕ್ಕೆ ‘ವುಡ್ ಗಿವ್’ ಬಂದಿದೆ. ಹೆಸರು ಗೊತ್ತಿರುವುದು ಕೆಲಸವಲ್ಲ, ಸ್ಥಿತಿ, ಹಾಗಾಗಿ ಅಲ್ಲಿ ‘ಯೂಸ್ಡ್ ಟು ನೋ’ ಮಾತ್ರವೇ ಸರಿ. ಇಷ್ಟು ಒಂದು ಅಭ್ಯಾಸವಾದರೆ ‘ಅಂದು–ಇಂದು’ ಎಂಬ ಎಲ್ಲ ಪ್ರಶ್ನೆಗಳಿಗೂ ಸಾಲುತ್ತದೆ, ಮತ್ತು ಅಂಥ ಪ್ರಶ್ನೆ ಮೂರನೇ ಭಾಗದಲ್ಲಿ ಬರದೇ ಇರುವ ದಿನ ಅಪರೂಪ.

ಕಾರಣ: ಮೂರು ಬೇಡ, ಒಂದನ್ನೇ ಅಗೆಯಿರಿ

ಮುಂದಿನ ಪ್ರಶ್ನೆ: ಆನ್‌ಲೈನ್‌ನಲ್ಲಿ ಎಲ್ಲ ಸಿಗುವಾಗಲೂ ಜನ ಸಣ್ಣ ಅಂಗಡಿಗೆ ಯಾಕೆ ಹೋಗುತ್ತಾರೆ? ಕೋಚಿಂಗ್‌ನಲ್ಲಿ ‘ಫಸ್ಟ್ಲಿ, ಸೆಕೆಂಡ್ಲಿ, ಥರ್ಡ್ಲಿ’ ಕಲಿತವರು ಇಲ್ಲಿ ಪಟ್ಟಿ ಒಪ್ಪಿಸುತ್ತಾರೆ: ಹತ್ತಿರ ಇದೆ, ಅಗ್ಗ ಇದೆ, ತಾಜಾ ಸಿಗುತ್ತದೆ. ಮೂರು ಕಾರಣ ಹೇಳಿದ ಮೇಲೆ ಮಾತು ನಿಲ್ಲುತ್ತದೆ, ಪರೀಕ್ಷಕರು ‘ವೈ ಈಸ್ ದ್ಯಾಟ್?’ ಎಂದರೆ ಕೈ ಖಾಲಿ. ಪ್ರಬಂಧಕ್ಕೆ ಅದು ಒಗ್ಗೀತು, ಮಾತಿಗೆ ಒಗ್ಗುವುದಿಲ್ಲ. ಅದೇ ಕೊಂಡಿಪದಗಳನ್ನು ಮತ್ತೆ ಮತ್ತೆ ಬಳಸುವುದು ಅಂಕ ಕಡಿಮೆಯಾಗುವ ಲಕ್ಷಣಗಳಲ್ಲಿ ಒಂದು ಎಂಬುದನ್ನೂ ನೆನಪಿಡಿ.

ಒಂದೇ ಕಾರಣ ತೆಗೆದುಕೊಳ್ಳಿ, ಅದಕ್ಕೆ ನೀವೇ ಎರಡು ಪ್ರಶ್ನೆ ಹಾಕಿಕೊಳ್ಳಿ. ಯಾರಿಗೆ? ಹೇಗೆ? ‘ಹತ್ತಿರ ಇದೆ’ ಎನ್ನುವುದನ್ನು ಬಿಟ್ಟು ‘ದುಡ್ಡಿನ ವಿಷಯ’ ಎಂದು ಶುರು ಮಾಡೋಣ. ಯಾರಿಗೆ? ದಿನಗೂಲಿಯವರಿಗೆ. ಹೇಗೆ? ತಿಂಗಳ ಅಕ್ಕಿಯನ್ನು ಒಂದೇ ಸಲ ಕೊಳ್ಳಲು ಅವರ ಕೈಯಲ್ಲಿ ದುಡ್ಡಿರುವುದಿಲ್ಲ, ಇವತ್ತಿಗೆ ಬೇಕಾದಷ್ಟೇ ಎಣ್ಣೆ, ಒಂದು ಸ್ಯಾಶೆ ಶಾಂಪೂ ಸಾಕು. ಜೊತೆಗೆ ಅಂಗಡಿಯವನು ಪರಿಚಯದವನು, ನಾಳೆ ಕೊಡು ಎನ್ನುತ್ತಾನೆ. ನೋಡಿ, ಒಂದು ಕಾರಣದ ಒಳಗೇ ಇಷ್ಟು ಇದೆ:

‘ಐ ಥಿಂಕ್ ಇಟ್ ಮೇನ್ಲಿ ಕಮ್ಸ್ ಡೌನ್ ಟು ಮನಿ. ಸಮ್‌ಒನ್ ಹೂ ಈಸ್ ಪೇಯ್ಡ್ ಬೈ ದ ಡೇ ಕಾಂಟ್ ಬೈ ಅ ಮಂತ್ಸ್ ರೈಸ್ ಇನ್ ಒನ್ ಗೋ, ಸೋ ದೇ ನೀಡ್ ಅ ಶಾಪ್ ದ್ಯಾಟ್ ಸೆಲ್ಸ್ ಸ್ಮಾಲ್ ಅಮೌಂಟ್ಸ್. ಅಂಡ್ ಬಿಕಾಸ್ ದ ಓನರ್ ನೋಸ್ ದ ಫ್ಯಾಮಿಲಿ, ಹಿ ಲೆಟ್ಸ್ ದೆಮ್ ಪೇ ಲೇಟರ್, ವಿಚ್ ಅ ವೆಬ್‌ಸೈಟ್ ಈಸ್ ಅನ್‌ಲೈಕ್ಲಿ ಟು ಡೂ. ಫಾರ್ ಪೀಪಲ್ ವಿತ್ ಅ ಮಂತ್ಲಿ ಸ್ಯಾಲರಿ, ಇಟ್ಸ್ ಪ್ರಾಬಬ್ಲಿ ಲೆಸ್ ಇಂಪಾರ್ಟೆಂಟ್.’

ಕೊನೆಯ ವಾಕ್ಯವನ್ನು ಬಿಡಿಸಿ ನೋಡಿ. ಸಂಬಳದವರಿಗೆ ಇದು ಅಷ್ಟು ಮುಖ್ಯವಲ್ಲದಿರಬಹುದು ಎಂದು ಅದು ನಿಮ್ಮ ಕಾರಣಕ್ಕೆ ಒಂದು ಗಡಿ ಹಾಕುತ್ತದೆ. ಎಲ್ಲರಿಗೂ ಎಲ್ಲ ಕಾಲಕ್ಕೂ ಅನ್ವಯಿಸುವ ಮಾತು ಆಡುವವರ ಉತ್ತರ ಬೇಗ ಒಣಗುತ್ತದೆ. ಗಡಿ ಹಾಕಿದರೆ ಇನ್ನೊಂದು ವಾಕ್ಯ ಸಹಜವಾಗಿಯೇ ಹುಟ್ಟುತ್ತದೆ. ‘ಎವ್ರಿಬಡಿ’, ‘ಆಲ್ ಪೀಪಲ್’ ಎಂದು ನಿಮ್ಮ ಬಾಯಿಗೆ ಬಂದಾಗಲೆಲ್ಲ ‘ಮೋಸ್ಟ್ ಪೀಪಲ್’, ‘ಓಲ್ಡರ್ ಪೀಪಲ್’, ‘ಫ್ಯಾಮಿಲೀಸ್ ವಿತ್ ಯಂಗ್ ಚಿಲ್ಡ್ರನ್’ ಎಂದು ಗುಂಪನ್ನು ಕಿರಿದು ಮಾಡಿ. ಮಾತೂ ನಿಖರವಾಗುತ್ತದೆ, ಮುಂದಿನ ದಾರಿಯೂ ತೆರೆಯುತ್ತದೆ.

ಹಾಗಾದರೆ ಸ್ವಂತ ಅನುಭವ ಹೇಳಲೇಬಾರದೆ? ಹೇಳಬಹುದು, ಆದರೆ ಸಾಕ್ಷಿಯಾಗಿ, ಒಂದೇ ವಾಕ್ಯದಲ್ಲಿ. ‘ನಮ್ಮ ಮನೆಯಲ್ಲೂ ತಿಂಗಳ ಕೊನೆಗೆ ಲೆಕ್ಕ ಚುಕ್ತಾ ಮಾಡುತ್ತೇವೆ’ ಎಂದು ಹೇಳಿ, ಅಲ್ಲಿಂದ ಕೂಡಲೇ ‘ಅಂಡ್ ಐ ಥಿಂಕ್ ದ್ಯಾಟ್ಸ್ ಟ್ರೂ ಆಫ್ ಮೆನಿ ಫ್ಯಾಮಿಲೀಸ್’ ಎಂದು ಜನರ ಕಡೆಗೆ ವಾಪಸ್ ಬನ್ನಿ. ವಾಪಸ್ ಬರುವ ಆ ವಾಕ್ಯ ಇಲ್ಲದಿದ್ದರೆ ಅಪ್ಪನ ಜೊತೆ ಮತ್ತೆ ಸಂತೆಗೆ ಹೋಗಿಬಿಡುತ್ತೀರಿ.

‘ಬಿಕಾಸ್’ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಕಾರಣ ಮೊದಲು ಬರುತ್ತದೆ, ಫಲ ಆಮೇಲೆ: ಮಳೆ ಬಂದಿದ್ದರಿಂದ ಹೋಗಲಿಲ್ಲ. ಇಂಗ್ಲಿಷಿನಲ್ಲಿ ಎರಡೂ ಕ್ರಮ ನಡೆಯುತ್ತದೆ. ಆದರೆ ಕಾರಣ ಮೊದಲು ಹೇಳಿದಾಗ ನಾವು ‘ಬಿಕಾಸ್ ದ ಓನರ್ ನೋಸ್ ದ ಫ್ಯಾಮಿಲಿ, ಸೋ ಹಿ ಲೆಟ್ಸ್…’ ಎಂದು ‘ಸೋ’ ಕೂಡ ಸೇರಿಸುತ್ತೇವೆ. ಎರಡರಲ್ಲಿ ಒಂದು ಸಾಕು.

ಊಹೆ: ಎಷ್ಟು ಖಚಿತ ಎಂದು ಹೇಳುವ ಕಲೆ

ಈಗ ಮೂರನೆಯ ಪ್ರಶ್ನೆ: ಮುಂದೆ ಸಣ್ಣ ಅಂಗಡಿಗಳು ಮಾಯವಾಗುತ್ತವೆಯೇ? ಬಹಳ ಮಂದಿ ಇಲ್ಲಿ ಭವಿಷ್ಯ ಹೇಳುವ ಜ್ಯೋತಿಷಿಯಾಗುತ್ತಾರೆ. ‘ಸ್ಮಾಲ್ ಶಾಪ್ಸ್ ವಿಲ್ ಕ್ಲೋಸ್. ಪೀಪಲ್ ವಿಲ್ ಬೈ ಆನ್‌ಲೈನ್. ಎವ್ರಿಥಿಂಗ್ ವಿಲ್ ಬಿ ಡಿಜಿಟಲ್.’ ಎಲ್ಲವೂ ಒಂದೇ ಖಚಿತತೆ, ಎಲ್ಲವೂ ‘ವಿಲ್’. ಊಹೆಯೆಂದರೆ ಯಾವುದು ಆಗೇ ಆಗುತ್ತದೆ, ಯಾವುದು ಆದೀತು, ಯಾವುದು ಆಗಲಾರದು ಎಂದು ಬೇರ್ಪಡಿಸಿ ಹೇಳುವುದು.

ಕನ್ನಡಿಗರಿಗೆ ಇದು ಹೊಸದೇನಲ್ಲ. ಆದೀತು, ಆಗಬಹುದು, ಆಗಲಾರದು, ಆಗದೆ ಇರದು ಎಂದು ನಾವು ದಿನವೂ ಮೆಟ್ಟಿಲು ಹತ್ತಿ ಇಳಿಯುತ್ತಲೇ ಇರುತ್ತೇವೆ. ಇಂಗ್ಲಿಷಿಗೆ ಬಂದಾಗ ಮಾತ್ರ ‘ಬಹುದು’ ಎನ್ನುವ ಎಲ್ಲ ಕಡೆ ‘ಕ್ಯಾನ್’ ಹಾಕುತ್ತೇವೆ. ‘ಸ್ಮಾಲ್ ಶಾಪ್ಸ್ ಕ್ಯಾನ್ ಕ್ಲೋಸ್ ಇನ್ ದ ಫ್ಯೂಚರ್’ ಎಂದರೆ ಅವುಗಳಿಗೆ ಮುಚ್ಚಲು ಸಾಧ್ಯವಿದೆ, ಅನುಮತಿಯಿದೆ ಎಂಬಂತೆ ಕೇಳಿಸುತ್ತದೆ. ಮುಂದೆ ಒಂದು ಸಂಗತಿ ನಡೆಯಬಹುದು ಎನ್ನಲು ‘ಮೇ’, ‘ಮೈಟ್’ ಅಥವಾ ‘ಕುಡ್’ ಬೇಕು.

ಕೈಗೆಟಕುವ ಐದು ಮೆಟ್ಟಿಲುಗಳನ್ನು ಹೇಳುತ್ತೇನೆ, ಮೇಲಿನಿಂದ ಕೆಳಕ್ಕೆ. ‘ವಿಲ್ ಆಲ್ಮೋಸ್ಟ್ ಸರ್ಟನ್ಲಿ’ ಎಂದರೆ ಆಗೇ ಆಗುತ್ತದೆ. ‘ವಿಲ್ ಪ್ರಾಬಬ್ಲಿ’ ಎಂದರೆ ಬಹುತೇಕ ಆಗುತ್ತದೆ. ‘ಮೈಟ್ ವೆಲ್’ ಎಂದರೆ ಆದರೂ ಆದೀತು, ಆಶ್ಚರ್ಯವಿಲ್ಲ. ‘ಐ ಡೌಟ್’ ಎಂದರೆ ಆಗಲಿಕ್ಕಿಲ್ಲ. ‘ಇಟ್ಸ್ ಹೈಲಿ ಅನ್‌ಲೈಕ್ಲಿ’ ಎಂದರೆ ಆಗುವ ಮಾತೇ ಅಲ್ಲ. ‘ಐ ಡೌಟ್’ ಬಳಸುವಾಗ ಜಾಗ್ರತೆ. ನಾವು ‘ನನಗೆ ಡೌಟು’ ಎಂದು ಪ್ರಶ್ನೆ ಕೇಳುವಾಗಲೂ ಹೇಳುತ್ತೇವಲ್ಲ, ಅಲ್ಲಿ ಇದು ಬೇಡ. ‘ಐ ಡೌಟ್ ದೇಲ್ ಡಿಸಪಿಯರ್’ ಎಂದರೆ ಮಾಯವಾಗಲಿಕ್ಕಿಲ್ಲ ಎಂಬುದು ನನ್ನ ಅನಿಸಿಕೆ ಎಂದೇ ಅರ್ಥ.

ಇದಕ್ಕೆ ‘ಇಫ್’ ಸೇರಿಸಿ. ‘ಇಫ್’ ಎರಡು ಬಗೆಯದು. ನಡೆಯಬಹುದಾದ ಸಂಗತಿಗೆ ‘ಇಫ್ ರೆಂಟ್ಸ್ ಕೀಪ್ ರೈಸಿಂಗ್, ಸಮ್ ಆಫ್ ದೆಮ್ ವಿಲ್ ಕ್ಲೋಸ್’. ಬರೀ ಕಲ್ಪನೆಗೆ, ಅಂದರೆ ಆಗಲಿಕ್ಕಿಲ್ಲ ಎಂದು ನಿಮಗೇ ಗೊತ್ತಿರುವುದಕ್ಕೆ, ‘ಇಫ್ ದೇ ಆಲ್ ವ್ಯಾನಿಶ್ಡ್, ಓಲ್ಡ್ ಪೀಪಲ್ ವುಡ್ ಸಫರ್’. ‘ಇಫ್’ ಇರುವ ಕಡೆ ‘ವಿಲ್’ ಬೇಡ. ‘ಇಫ್ ರೆಂಟ್ಸ್ ವಿಲ್ ರೈಸ್’ ಎನ್ನುವುದು ನಮ್ಮಲ್ಲಿ ತುಂಬ ಕೇಳುವ ತಪ್ಪು. ಈಗ ಎಲ್ಲವನ್ನೂ ಸೇರಿಸಿ:

‘ಐ ಡೌಟ್ ದೇಲ್ ಡಿಸಪಿಯರ್ ಕಂಪ್ಲೀಟ್ಲಿ. ಇಫ್ ರೆಂಟ್ಸ್ ಕೀಪ್ ರೈಸಿಂಗ್, ಸಮ್ ಆಫ್ ದೆಮ್ ವಿಲ್ ಪ್ರಾಬಬ್ಲಿ ಹ್ಯಾವ್ ಟು ಕ್ಲೋಸ್, ಎಸ್ಪೆಶಲಿ ಇನ್ ದ ಬಿಗ್ ಸಿಟೀಸ್. ಬಟ್ ಇನ್ ವಿಲೇಜಸ್ ದೇ ಮೈಟ್ ವೆಲ್ ಸರ್ವೈವ್, ಬಿಕಾಸ್ ಡೆಲಿವರಿ ಈಸಂಟ್ ಆ್ಯಸ್ ಕ್ವಿಕ್ ದೇರ್. ಅಂಡ್ ಇಫ್ ದೇ ಡಿಡ್ ವ್ಯಾನಿಶ್, ಓಲ್ಡರ್ ಪೀಪಲ್ ವುಡ್ ಬಿ ದ ವರ್ಸ್ಟ್ ಹಿಟ್, ಆ್ಯಸ್ ಮೆನಿ ಆಫ್ ದೆಮ್ ಡೋಂಟ್ ಶಾಪ್ ಆನ್ ಅ ಫೋನ್.’

ಪೂರ್ತಿ ಮಾಯವಾಗಲಿಕ್ಕಿಲ್ಲ, ಬಾಡಿಗೆ ಹೀಗೇ ಏರುತ್ತಿದ್ದರೆ ದೊಡ್ಡ ಊರುಗಳಲ್ಲಿ ಕೆಲವು ಮುಚ್ಚಬೇಕಾಗುತ್ತದೆ, ಹಳ್ಳಿಯಲ್ಲಿ ಉಳಿದಾವು, ಒಂದು ವೇಳೆ ಇಲ್ಲವೇ ಆದರೆ ಪೆಟ್ಟು ಬೀಳುವುದು ವಯಸ್ಸಾದವರಿಗೆ. ಇದರಲ್ಲಿ ಮೂರೂ ಕೆಲಸ ನಡೆದಿವೆ ಗಮನಿಸಿ. ಪಟ್ಟಣ–ಹಳ್ಳಿಯ ಹೋಲಿಕೆ, ‘ಬಿಕಾಸ್’ ಮತ್ತು ‘ಆ್ಯಸ್’ ಎಂಬ ಕಾರಣ, ಮೂರು ಬೇರೆ ಬೇರೆ ಮೆಟ್ಟಿಲಿನ ಊಹೆ. ಅಂಗಡಿಗಳ ಬಗ್ಗೆ ಯಾವ ಅಂಕಿಅಂಶವೂ ಬೇಕಾಗಲಿಲ್ಲ. ಅಂಕಿಅಂಶ ಹುಟ್ಟಿಸಿ ಹೇಳುವ ಚಾಳಿ ಕೆಲವರಿಗಿದೆ, ‘ಸೆವೆಂಟಿ ಪರ್ಸೆಂಟ್ ಆಫ್ ಇಂಡಿಯನ್ಸ್’ ಎಂದೆಲ್ಲ. ಅದಕ್ಕೆ ಅಂಕವೂ ಇಲ್ಲ, ಹೇಳುವಾಗ ಮುಖದಲ್ಲಿ ಸುಳ್ಳು ಕಾಣಿಸುತ್ತದೆ.

ಏನೂ ತೋಚದಾಗ

ನಾಲ್ಕನೆಯ ಪ್ರಶ್ನೆ ಬರುತ್ತದೆ: ಸಣ್ಣ ವ್ಯಾಪಾರಿಗಳನ್ನು ಸರ್ಕಾರ ಕಾಪಾಡಬೇಕೇ? ಇದರ ಬಗ್ಗೆ ಒಂದು ದಿನವೂ ಯೋಚಿಸಿದವರಲ್ಲ ನೀವು. ಮೌನ ಮೂರು ಸೆಕೆಂಡ್ ದಾಟಿದರೆ ಎದೆ ಢವಗುಟ್ಟುತ್ತದೆ. ಇಲ್ಲಿ ‘ದ್ಯಾಟ್ಸ್ ಅ ವೆರಿ ಗುಡ್ ಕ್ವೆಶ್ಚನ್’ ಎನ್ನುವುದನ್ನು ಎಲ್ಲರೂ ಕಲಿತು ಬಂದಿರುತ್ತಾರೆ, ಪ್ರತಿ ಪ್ರಶ್ನೆಗೂ ಹೇಳುತ್ತಾರೆ. ಒಂದು ಸಲ ಕೇಳಿದರೆ ಸರಿ, ನಾಲ್ಕನೇ ಸಲ ಕಂಠಪಾಠದ ವಾಸನೆ ಬರುತ್ತದೆ. ‘ಡಬಲ್ ಎಡ್ಜ್ಡ್ ಸ್ವೋರ್ಡ್’ ಮತ್ತು ‘ಎವ್ರಿ ಕಾಯಿನ್ ಹ್ಯಾಸ್ ಟೂ ಸೈಡ್ಸ್’ ಕೂಡ ಅದೇ ಜಾತಿ.

ಇರುವುದನ್ನು ಇದ್ದ ಹಾಗೆ ಹೇಳುವುದೇ ಒಳ್ಳೆಯದು: ‘ಐ ಹ್ಯಾವಂಟ್ ರಿಯಲಿ ಥಾಟ್ ಅಬೌಟ್ ದಿಸ್, ಬಟ್ ಐ ಸಪೋಸ್…’ ಇದರ ಬಗ್ಗೆ ಹೆಚ್ಚು ಯೋಚಿಸಿಲ್ಲ, ಆದರೂ ಅನ್ನಿಸುವುದು ಏನೆಂದರೆ ಎಂದು. ಅದು ತಪ್ಪೊಪ್ಪಿಗೆಯಲ್ಲ, ಮಾತಿನ ಮಧ್ಯೆ ಯೋಚಿಸುವವರು ಎಲ್ಲ ಭಾಷೆಯಲ್ಲೂ ಹೀಗೇ ಹೇಳುತ್ತಾರೆ. ಪ್ರಶ್ನೆಯೇ ಅರ್ಥವಾಗದಿದ್ದರೆ ಕೇಳಿ. ‘ಡು ಯು ಮೀನ್ ವಿತ್ ಮನಿ, ಆರ್ ವಿತ್ ರೂಲ್ಸ್?’ ದುಡ್ಡಿನ ನೆರವೋ, ನಿಯಮಗಳೋ? ಸುಮ್ಮನೆ ‘ಪಾರ್ಡನ್’ ಎನ್ನುವುದಕ್ಕಿಂತ ಈ ಪ್ರಶ್ನೆ ಉತ್ತಮ, ಏಕೆಂದರೆ ಕೇಳುತ್ತಲೇ ನೀವು ಉತ್ತರವನ್ನು ಎರಡು ಭಾಗ ಮಾಡಿಕೊಂಡಿದ್ದೀರಿ.

ಆಮೇಲೆ ಹಿಂದಿನ ಉತ್ತರದಲ್ಲಿ ಬಂದ ಗುಂಪನ್ನೇ ಕರೆತನ್ನಿ. ವಯಸ್ಸಾದವರಿಗೆ ಪೆಟ್ಟು ಬೀಳುತ್ತದೆ ಎಂದಿದ್ದಿರಲ್ಲ, ಅದೇ ಎಳೆ. ‘ದುಡ್ಡು ಕೊಡುವುದು ಬೇಡವೇನೋ, ಆದರೆ ಬಾಡಿಗೆಯ ಮೇಲೆ ಒಂದು ಮಿತಿ ಹಾಕಿದರೆ ಅಂಗಡಿಗಳು ಉಳಿದಾವು, ವಯಸ್ಸಾದವರಿಗೆ ಅನುಕೂಲ, ಆದರೆ ಕಟ್ಟಡದ ಮಾಲೀಕರು ಒಪ್ಪಲಿಕ್ಕಿಲ್ಲ.’ ಇದನ್ನು ಮೇಲಿನ ಮೆಟ್ಟಿಲುಗಳಲ್ಲಿ ನೀವೇ ಇಂಗ್ಲಿಷಿನಲ್ಲಿ ಹೇಳಿ ನೋಡಿ. ಹೊಸ ವಿಚಾರವೇನೂ ಬೇಕಾಗಲಿಲ್ಲ, ಹಳೆಯದನ್ನೇ ಒಂದು ಹೆಜ್ಜೆ ಮುಂದೆ ತಳ್ಳಿದ್ದು ಅಷ್ಟೆ.

ಮಧ್ಯೆ ಪರೀಕ್ಷಕರು ಮಾತು ತಡೆದರೆ ಗಾಬರಿಯಾಗಬೇಡಿ. ಅವರಿಗೆ ಸಮಯದ ಕಟ್ಟುಪಾಡು ಇದೆ, ಸಾಕಷ್ಟು ಕೇಳಿಯಾಗಿದೆ ಎಂದಷ್ಟೇ ಅರ್ಥ. ಒಂದು ಉತ್ತರ ಅರ್ಧ ನಿಮಿಷದಿಂದ ಮುಕ್ಕಾಲು ನಿಮಿಷ ಇದ್ದರೆ ಸಾಕು. ಅದಕ್ಕಿಂತ ಉದ್ದವಾದರೆ ಸಾಮಾನ್ಯವಾಗಿ ಹೇಳಿದ್ದನ್ನೇ ಹೇಳುತ್ತಿರುತ್ತೇವೆ.

ಮನೆಯಲ್ಲಿ ಅಭ್ಯಾಸ

ಮೊದಲು ಕಾಯಿಲೆ ಪತ್ತೆ ಮಾಡಿಕೊಳ್ಳಿ. ಒಂದು ಪ್ರಶ್ನೆ ತೆಗೆದುಕೊಂಡು ಅರ್ಧ ನಿಮಿಷ ಕನ್ನಡದಲ್ಲಿ ಉತ್ತರಿಸಿ. ಕನ್ನಡದಲ್ಲೇ ಮಾತು ಬರದಿದ್ದರೆ ನಿಮ್ಮ ತೊಂದರೆ ಇಂಗ್ಲಿಷ್ ಅಲ್ಲ, ಆ ವಿಷಯವನ್ನು ನೀವು ಯೋಚಿಸಿಯೇ ಇಲ್ಲ. ಅದಕ್ಕೆ ಮದ್ದು ವ್ಯಾಕರಣ ಪುಸ್ತಕವಲ್ಲ. ಮನೆಯಲ್ಲಿ, ಕ್ಯಾಂಟೀನಿನಲ್ಲಿ ಯಾರ ಜೊತೆಗಾದರೂ ಅದರ ಬಗ್ಗೆ ವಾದ ಮಾಡುವುದು. ಕನ್ನಡದಲ್ಲಿ ಸರಾಗವಾಗಿ ಬಂದು ಇಂಗ್ಲಿಷಿನಲ್ಲಿ ನಿಂತರೆ ಆಗ ಭಾಷೆಯ ಕೆಲಸ. ಹಾಗೆಂದು ಪರೀಕ್ಷೆಯ ಕೋಣೆಯಲ್ಲಿ ಕನ್ನಡ ವಾಕ್ಯವನ್ನು ಅನುವಾದ ಮಾಡುತ್ತ ಕೂರಬೇಡಿ. ನಮ್ಮ ಕ್ರಿಯಾಪದ ಕೊನೆಯಲ್ಲಿ ಬರುತ್ತದೆ, ಅವರದು ಮೊದಲೇ ಬರಬೇಕು, ಹಾಗಾಗಿ ಪ್ರತಿ ವಾಕ್ಯವೂ ಹೊಸ್ತಿಲಲ್ಲೇ ನಿಲ್ಲುತ್ತದೆ. ಕನ್ನಡದಿಂದ ತರಬೇಕಾದ್ದು ವಿಚಾರದ ಎಳೆ ಮಾತ್ರ: ಅಳತೆಗೋಲು ಯಾವುದು, ಯಾರಿಗೆ, ಎಷ್ಟು ಖಚಿತ.

ಆಮೇಲೆ ಫೋನಿನಲ್ಲಿ ರೆಕಾರ್ಡ್ ಮಾಡಿ. ಪರೀಕ್ಷೆಯಲ್ಲೂ ನಿಮ್ಮ ಮಾತು ರೆಕಾರ್ಡ್ ಆಗುತ್ತದೆ, ರೂಢಿಯಾಗಲಿ. ಕೇಳುವಾಗ ಎಲ್ಲ ತಪ್ಪನ್ನೂ ಒಟ್ಟಿಗೆ ಹುಡುಕಬೇಡಿ. ಮೊದಲ ಸಲ ಕೇಳುವಾಗ ಒಂದು ಕಾಗದದಲ್ಲಿ ‘ಐ’ ಮತ್ತು ‘ಮೈ’ ಎಷ್ಟು ಸಲ ಬಂತು ಎಂದು ಗೆರೆ ಹಾಕಿ. ‘ಐ ಥಿಂಕ್’ ಮತ್ತು ‘ಐ ಡೌಟ್’ ಲೆಕ್ಕಕ್ಕಿಲ್ಲ. ಉಳಿದವು ಒಂದೆರಡಕ್ಕಿಂತ ಹೆಚ್ಚಿದ್ದರೆ ನೀವು ಕತೆ ಹೇಳಿದ್ದೀರಿ. ಎರಡನೇ ಸಲ ಕೇಳುವಾಗ ‘ವಿಲ್’ ಮತ್ತು ‘ಕ್ಯಾನ್’ ಎಣಿಸಿ, ಅವುಗಳಲ್ಲಿ ಯಾವುದನ್ನು ‘ಮೈಟ್ ವೆಲ್’ ಅಥವಾ ‘ಪ್ರಾಬಬ್ಲಿ’ ಮಾಡಬಹುದಿತ್ತು ಎಂದು ನೋಡಿ. ಬಳಿಕ ಅದೇ ಪ್ರಶ್ನೆಗೆ ಮತ್ತೊಮ್ಮೆ ಉತ್ತರಿಸಿ, ಆದರೆ ಬರೆದುಕೊಂಡು ಓದಬೇಡಿ. ಬರೆದ ಉತ್ತರ ಕಂಠಪಾಠವಾಗುತ್ತದೆ. ಪರೀಕ್ಷಕರು ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೂ ಅದು ಮುರಿದು ಬೀಳುತ್ತದೆ.

ಜೊತೆಗೊಬ್ಬರು ಸಿಕ್ಕರೆ ಅವರಿಗೆ ಇಂಗ್ಲಿಷ್ ಚೆನ್ನಾಗಿ ಬರಬೇಕೆಂದೇನಿಲ್ಲ. ತಂಗಿಯೋ, ರೂಮ್‌ಮೇಟೋ, ಯಾರಾದರೂ ಆದೀತು. ಅವರ ಕೆಲಸ ಒಂದೇ: ನೀವು ಪ್ರತಿ ಉತ್ತರ ಮುಗಿಸಿದ ಮೇಲೆ ‘ವೈ?’ ಎಂದೋ ‘ಫಾರ್ ಹೂಮ್?’ ಎಂದೋ ಕೇಳುವುದು. ಮೊದಮೊದಲು ಆ ಪ್ರಶ್ನೆಗೆ ನೀವು ತಡವರಿಸುತ್ತೀರಿ. ಅವರು ಕೇಳಲು ಬಾಯಿ ತೆರೆಯುವ ಮೊದಲೇ ಆ ಎರಡಕ್ಕೂ ಉತ್ತರ ನಿಮ್ಮ ಮಾತಿನೊಳಗೆ ಬಂದಿದ್ದರೆ ಅಂಗಡಿಯ ವಿಷಯ ಬಿಟ್ಟು ಶಿಕ್ಷಣ, ಕೆಲಸ, ಕುಟುಂಬ, ಪ್ರವಾಸ ಎಂದು ಬೇರೆ ವಿಷಯ ಎತ್ತಿಕೊಳ್ಳಿ. ಪ್ರತಿ ವಿಷಯಕ್ಕೂ ಮೂರು ಪ್ರಶ್ನೆ ನೀವೇ ಮಾಡಿಕೊಳ್ಳಬಹುದು: ಅಂದಿಗೂ ಇಂದಿಗೂ ಏನು ವ್ಯತ್ಯಾಸ, ಜನ ಹೀಗೆ ಯಾಕೆ ಮಾಡುತ್ತಾರೆ, ಮುಂದೆ ಏನಾದೀತು.